ಬಚ್ಚಲುಮನೆಯ ಕನ್ನಡಿ: ಮಂಜು ಏಕೆ ಕೂರುತ್ತದೆ, ಭಾರ ಎಲ್ಲಿ ನಿಲ್ಲುತ್ತದೆ

ಚಿಕ್ಕಬಳ್ಳಾಪುರದಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ನಮ್ಮ ಚಿಕ್ಕಪ್ಪನವರು ಗೃಹಪ್ರವೇಶಕ್ಕೆ ಹದಿನೈದು ದಿನ ಉಳಿದಿರುವಾಗ ಬಚ್ಚಲುಮನೆಗೆ ಕನ್ನಡಿ ತರಲು ಬಿ.ಬಿ. ರಸ್ತೆಯ ಗಾಜಿನ ಅಂಗಡಿಗೆ ಹೋದರು. ಅಲ್ಲಿದ್ದ ಹುಡುಗ, "ಅಂಕಲ್, ಆಂಟಿ-ಫಾಗ್ ಕೊಡ್ಲಾ, ಬ್ಯಾಕ್‌ಲಿಟ್ ಕೊಡ್ಲಾ, ಇಲ್ಲಾ ಫ್ರೇಮ್‌ಲೆಸ್ ಪ್ಲೇನ್ ಸಾಕಾ?" ಎಂದು ಕೇಳಿದನಂತೆ. ಮೂರು ಮಾತಿಗೂ ಅರ್ಥ ತಿಳಿಯದೆ ಅವರು ಬರಿಗೈಯಲ್ಲಿ ಮನೆಗೆ ಬಂದು ನನಗೆ ಫೋನ್ ಮಾಡಿದರು. ಹತ್ತು ವರ್ಷದ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಪ್ಲಾಸ್ಟಿಕ್ ಚೌಕಟ್ಟಿನ ಒಂದು ಕನ್ನಡಿಯನ್ನು ಮೊಳೆಗೆ ನೇತುಹಾಕಿದರೆ ಕೆಲಸ ಮುಗಿಯುತ್ತಿತ್ತು. ಈಗ ಕನ್ನಡಿಗೆ ವಿದ್ಯುತ್ ಬಂದಿದೆ, ಚೌಕಟ್ಟು ಹೋಗಿದೆ. ಹಾಗಾಗಿ ಕೊಳ್ಳುವವರು ಎರಡು ಸಂಗತಿಗಳನ್ನು ತಿಳಿದಿರಬೇಕಾಗುತ್ತದೆ: ಗಾಜಿನ ಮೇಲೆ ಆವಿ ಹೇಗೆ ಕೂರುತ್ತದೆ ಮತ್ತು ಗೋಡೆಯ ಮೇಲೆ ಗಾಜು ಹೇಗೆ ನಿಲ್ಲುತ್ತದೆ.

ಈ ಎರಡರಲ್ಲಿ ಎರಡನೆಯದನ್ನೇ ಇಲ್ಲಿ ಹೆಚ್ಚು ವಿವರವಾಗಿ ಹೇಳಲಾಗಿದೆ, ಏಕೆಂದರೆ ಮಂಜು ಕೂತ ಕನ್ನಡಿಯನ್ನು ಟವೆಲ್ಲಿನಿಂದ ಒರೆಸಬಹುದು, ಬಿದ್ದು ಒಡೆದ ಕನ್ನಡಿಯನ್ನು ಹಾಗೆ ಮಾಡಲಾಗದು.

ಮಂಜು ಎಂದರೆ ಏನು

ಬೆಳಗಿನ ಜಾವ ದ್ರಾಕ್ಷಿ ತೋಟದಲ್ಲಿ ಎಲೆಗಳ ಮೇಲೆ ಇಬ್ಬನಿ ಕೂತಿರುವುದನ್ನು ಈ ಭಾಗದ ಎಲ್ಲರೂ ನೋಡಿದ್ದಾರೆ. ಬಚ್ಚಲುಮನೆಯ ಕನ್ನಡಿಯ ಮೇಲೆ ಕೂರುವುದೂ ಅದೇ ಇಬ್ಬನಿ. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಸದಾ ಇರುತ್ತದೆ. ಬಿಸಿ ಗಾಳಿ ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ತಣ್ಣನೆಯ ಗಾಳಿಗೆ ಅಷ್ಟು ಶಕ್ತಿಯಿಲ್ಲ. ಆವಿ ತುಂಬಿದ ಗಾಳಿ ತಣ್ಣನೆಯ ವಸ್ತುವೊಂದನ್ನು ತಾಗಿದಾಗ, ತನ್ನಲ್ಲಿ ಹಿಡಿಸದಷ್ಟು ಆವಿಯನ್ನು ಅಲ್ಲಿಯೇ ನೀರಾಗಿ ಬಿಟ್ಟುಬಿಡುತ್ತದೆ. ಯಾವ ಉಷ್ಣತೆಗೆ ಇಳಿದಾಗ ಹೀಗೆ ನೀರು ಕಟ್ಟಲು ಆರಂಭವಾಗುತ್ತದೆಯೋ ಅದನ್ನು ಇಬ್ಬನಿ ಬಿಂದು ಎನ್ನುತ್ತಾರೆ.

ಡಿಸೆಂಬರಿನ ಒಂದು ಬೆಳಗ್ಗೆ ಕನ್ನಡಿಯ ಗಾಜು 18 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎಂದುಕೊಳ್ಳೋಣ. ಬಾಗಿಲು ಹಾಕಿಕೊಂಡು ಬಿಸಿ ನೀರಿನ ಸ್ನಾನ ಮಾಡಿದಾಗ ಒಳಗಿನ ಗಾಳಿ 24 ಡಿಗ್ರಿಗೆ ಏರಿ, ಅದರ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಈಗಿರುವ ಪಾಲು, ಶೇಕಡಾ 90 ಆಯಿತೆಂದರೆ ಇಬ್ಬನಿ ಬಿಂದು ಸುಮಾರು 22 ಡಿಗ್ರಿಯಾಗುತ್ತದೆ. ಗಾಜು ಅದಕ್ಕಿಂತ 4 ಡಿಗ್ರಿ ಕೆಳಗಿದೆ, ಆದ್ದರಿಂದ ಅದರ ಮೇಲೆ ನೀರು ಕಟ್ಟುತ್ತದೆ. ಏಪ್ರಿಲ್ ತಿಂಗಳಲ್ಲಿ ಅದೇ ಗಾಜು 28 ಡಿಗ್ರಿಯಲ್ಲಿದ್ದು, ಸ್ನಾನದ ನೀರೂ ಉಗುರುಬೆಚ್ಚಗಷ್ಟೇ ಇದ್ದಾಗ ಮಂಜು ಕೂರುವುದು ಅಪರೂಪ. ಮಂಜಿನ ತೊಂದರೆ ನಮ್ಮಲ್ಲಿ ಮುಖ್ಯವಾಗಿ ಮಳೆಗಾಲ ಮತ್ತು ಚಳಿಗಾಲದ ಬೆಳಗಿನ ತೊಂದರೆ ಎಂಬುದನ್ನು ದುಡ್ಡು ಎಣಿಸುವ ಮೊದಲು ನೆನಪಿಟ್ಟುಕೊಳ್ಳಬಹುದು.

ನೀರು ಪಾರದರ್ಶಕವಾಗಿದ್ದರೂ ಮಂಜು ಬೆಳ್ಳಗೆ ಕಾಣುವುದು ಏಕೆಂದರೆ ಅದು ಪದರವಾಗಿ ಹರಡದೆ ಲೆಕ್ಕವಿಲ್ಲದಷ್ಟು ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಕಲ್ಲುಸಕ್ಕರೆಯ ಹರಳಿನ ಮೂಲಕ ಬೆಳಕು ದಾಟಿಹೋಗುತ್ತದೆ, ಅದನ್ನೇ ಕುಟ್ಟಿ ಪುಡಿಮಾಡಿದರೆ ಬಿಳಿಯ ಹಿಟ್ಟಾಗಿ ಕಾಣುತ್ತದೆ. ಪ್ರತಿ ಕಣವೂ ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಚೆದುರಿಸುವುದೇ ಅದಕ್ಕೆ ಕಾರಣ. ಕನ್ನಡಿಯ ಮೇಲಿನ ಹನಿಗಳೂ ಅದನ್ನೇ ಮಾಡುತ್ತವೆ.

ಇದರಿಂದ ಮಂಜನ್ನು ತಡೆಯಲು ಎರಡೇ ದಾರಿ ಇರುವುದು ತಿಳಿಯುತ್ತದೆ. ಗಾಜನ್ನು ಇಬ್ಬನಿ ಬಿಂದುವಿಗಿಂತ ಬೆಚ್ಚಗೆ ಇಡಬೇಕು, ಇಲ್ಲವೇ ಕೂತ ನೀರು ಹನಿಯಾಗದಂತೆ ನೋಡಿಕೊಳ್ಳಬೇಕು. ಎಕ್ಸಾಸ್ಟ್ ಫ್ಯಾನ್ ಗಾಳಿಯಲ್ಲಿನ ಆವಿಯನ್ನೇ ಕಡಿಮೆ ಮಾಡಿ ಇಬ್ಬನಿ ಬಿಂದುವನ್ನು ಕೆಳಗಿಳಿಸುತ್ತದೆ. ಆದರೆ ಬಾಗಿಲಿನ ಕೆಳಗೆ ಸಂದಿಯೋ ಕಿಟಕಿಯೋ ಇದ್ದು ಹೊರಗಿನ ಗಾಳಿ ಒಳಗೆ ಬಂದರೆ ಮಾತ್ರ ಅದು ಆವಿಯನ್ನು ಹೊರಗೆ ತಳ್ಳಬಲ್ಲದು.

ಆಂಟಿ-ಫಾಗ್ ಎಂಬ ಒಂದು ಹೆಸರು, ಎರಡು ವಸ್ತು

ಅಂಗಡಿಯಲ್ಲಿ ಆಂಟಿ-ಫಾಗ್ ಎಂದು ಮಾರುವ ಕನ್ನಡಿಗಳಲ್ಲಿ ಹೆಚ್ಚಿನವು ಮೊದಲ ದಾರಿಯವು. ಗಾಜಿನ ಬೆನ್ನಿಗೆ ತೆಳುವಾದ ಹಾಳೆಯಂಥ ಒಂದು ಹೀಟಿಂಗ್ ಪ್ಯಾಡ್ ಅಂಟಿಸಿರುತ್ತಾರೆ. ಅದರೊಳಗಿನ ಸಣ್ಣ ವಾಹಕ ಗೆರೆಗಳಲ್ಲಿ ವಿದ್ಯುತ್ ಹರಿದು ಗಾಜು ಬೆಚ್ಚಗಾಗುತ್ತದೆ. ಇಸ್ತ್ರಿ ಪೆಟ್ಟಿಗೆಯಂತೆ ಸುಡುವ ಅಗತ್ಯವಿಲ್ಲ, ಮೇಲಿನ ಲೆಕ್ಕದಲ್ಲಿ ಗಾಜು ಐದಾರು ಡಿಗ್ರಿ ಮೇಲೇರಿದರೆ ಸಾಕು. ಮಧ್ಯಮ ಅಳತೆಯ ಪ್ಯಾಡ್ 50 ವಾಟ್ ವಿದ್ಯುತ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ 20 ನಿಮಿಷ ಬಳಸಿದಾಗ ತಿಂಗಳಿಗೆ ಅರ್ಧ ಯೂನಿಟ್ ಆಗುತ್ತದೆ. ಅದನ್ನು ಆರಿಸುವುದನ್ನು ಮರೆತು ಹಗಲು ರಾತ್ರಿ ಬಿಟ್ಟರೆ ಅದೇ ಪ್ಯಾಡ್ ತಿಂಗಳಿಗೆ 36 ಯೂನಿಟ್ ತಿನ್ನುತ್ತದೆ. ಆದ್ದರಿಂದ ಪ್ಯಾಡಿಗೆ ಪ್ರತ್ಯೇಕ ಸ್ವಿಚ್ ಇದೆಯೇ, ಅಥವಾ ಸ್ವಲ್ಪ ಹೊತ್ತಿನ ಮೇಲೆ ತಾನೇ ಆರುವ ವ್ಯವಸ್ಥೆ ಇದೆಯೇ ಎಂದು ಕೇಳುವುದು ಒಳ್ಳೆಯದು.

ಇಂಥ ಕನ್ನಡಿಯನ್ನು ಕೊಂಡವರು ಹೇಳುವ ಸಾಮಾನ್ಯ ದೂರು "ಸ್ವಿಚ್ ಹಾಕಿದರೂ ಮಂಜು ಹೋಗಲಿಲ್ಲ" ಎಂಬುದು. ಇದರ ಹಿಂದೆ ಹೆಚ್ಚಾಗಿ ಎರಡು ಕಾರಣಗಳಿರುತ್ತವೆ. 5 ಮಿಲಿಮೀಟರ್ ದಪ್ಪದ ಗಾಜು ಬಿಸಿಯಾಗಲು ಐದರಿಂದ ಹತ್ತು ನಿಮಿಷ ಬೇಕು, ಹಾಗಾಗಿ ಸ್ನಾನಕ್ಕೆ ಮೊದಲೇ ಹಾಕಬೇಕು. ಇನ್ನೊಂದು, ಪ್ಯಾಡ್ ಎಷ್ಟು ಅಗಲವಿದೆಯೋ ಅಷ್ಟು ಭಾಗ ಮಾತ್ರ ತಿಳಿಯಾಗಿರುತ್ತದೆ. ದೊಡ್ಡ ಕನ್ನಡಿಯ ನಡುವೆ ಚಿಕ್ಕ ಪ್ಯಾಡ್ ಇದ್ದರೆ ಮುಖದಷ್ಟು ಜಾಗ ಸ್ವಚ್ಛವಾಗಿದ್ದು ಸುತ್ತ ಮಂಜು ಹಾಗೆಯೇ ಉಳಿಯುತ್ತದೆ. ಇದು ದೋಷವಲ್ಲ, ಆದರೆ ಕೊಳ್ಳುವಾಗ ಪ್ಯಾಡಿನ ಅಳತೆಯನ್ನು ಯಾರೂ ಕೇಳುವುದಿಲ್ಲ. ಬೆಳಗಿನ ಹೊತ್ತು ಕರೆಂಟ್ ಹೋಗುವ ಊರಿನಲ್ಲಿ ಪ್ಯಾಡನ್ನು ಯುಪಿಎಸ್ ಲೈನಿಗೆ ಸೇರಿಸದಿದ್ದರೆ ಅದು ಆ ಹೊತ್ತಿಗೆ ಬರಿಯ ಕನ್ನಡಿಯೇ.

ಎರಡನೆಯ ದಾರಿಯ ವಸ್ತು ವಿದ್ಯುತ್ತಿಲ್ಲದ ಲೇಪನ ಅಥವಾ ಅಂಟಿಸುವ ಫಿಲ್ಮ್. ಜಿಡ್ಡು ಹಿಡಿದ ಹಿತ್ತಾಳೆ ತಟ್ಟೆಯ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತದೆ, ಹುಣಸೆಹಣ್ಣಿನಿಂದ ಚೆನ್ನಾಗಿ ಉಜ್ಜಿದ ತಟ್ಟೆಯ ಮೇಲೆ ಒಂದೇ ಪದರವಾಗಿ ಹರಡುತ್ತದೆ. ಈ ಫಿಲ್ಮಿನ ಮೇಲ್ಮೈ ಉಜ್ಜಿದ ತಟ್ಟೆಯಂತೆ ವರ್ತಿಸುತ್ತದೆ. ನೀರು ಕೂರುತ್ತದೆ, ಆದರೆ ಹನಿಯಾಗದೆ ತೆಳುವಾಗಿ ಹರಡುವುದರಿಂದ ಮುಖ ಕಾಣುತ್ತದೆ. ಗಾಜಿಗೆ ಸೋಪು ಸವರಿ ಒಣ ಬಟ್ಟೆಯಿಂದ ತಿಕ್ಕಿ ಹೊಳಪು ಮಾಡಿದರೂ ಕೆಲವು ದಿನ ಇದೇ ಪರಿಣಾಮ ಸಿಗುತ್ತದೆ, ಕ್ಷೌರದಂಗಡಿಯವರಿಗೆ ಇದು ಹೊಸ ವಿಷಯವಲ್ಲ. ಫಿಲ್ಮಿನ ಶತ್ರು ಬೋರ್‌ವೆಲ್ ನೀರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಆಳದ ಬೋರ್‌ವೆಲ್‌ಗಳ ನೀರು ಬಹಳ ಕಡೆ ಗಡಸು, ಅದರ ಹನಿ ಒಣಗಿದಲ್ಲೆಲ್ಲ ಬಿಳಿಯ ಸುಣ್ಣದಂಥ ಕಲೆ ಉಳಿಯುತ್ತದೆ. ಆ ಕಲೆ ಹೊದಿಸಿದ ಫಿಲ್ಮ್ ನೀರನ್ನು ಹರಡುವ ಗುಣ ಕಳೆದುಕೊಳ್ಳುತ್ತದೆ, ಕಲೆ ತೆಗೆಯಲು ಒರಟಾಗಿ ಉಜ್ಜಿದರೆ ಫಿಲ್ಮೇ ಗೀಚಿ ಹೋಗುತ್ತದೆ.

ಬ್ಯಾಕ್‌ಲಿಟ್ ಕನ್ನಡಿ: ಬೆಳಕು ಗೋಡೆಗೋ ಮುಖಕ್ಕೋ

ಬ್ಯಾಕ್‌ಲಿಟ್ ಎಂದರೆ ಬೆನ್ನಿನ ಕಡೆ ಎಲ್‌ಇಡಿ ಪಟ್ಟಿ ಇರುವ ಕನ್ನಡಿ. ಇದಕ್ಕೂ ಆಂಟಿ-ಫಾಗಿಗೂ ನೇರ ಸಂಬಂಧವಿಲ್ಲ. ಎರಡನ್ನೂ ಒಂದೇ ಕನ್ನಡಿಯಲ್ಲಿ ಸೇರಿಸಿ ಮಾರುವುದರಿಂದ ದೀಪ ಹತ್ತಿದರೆ ಮಂಜು ಹೋಗುತ್ತದೆಂಬ ತಪ್ಪು ಕಲ್ಪನೆ ಹುಟ್ಟಿದೆ. ಎಲ್‌ಇಡಿ ಪಟ್ಟಿಯ ಶಾಖ ಗಾಜನ್ನು ಬೆಚ್ಚಗೆ ಮಾಡಲು ಸಾಲದು.

ಇದರಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಬೆಳಕು ಕನ್ನಡಿಯ ಹಿಂದಿನಿಂದ ಗೋಡೆಯ ಮೇಲೆ ಬಿದ್ದು ಸುತ್ತಲೂ ಪ್ರಭಾವಳಿಯಂತೆ ಕಾಣುತ್ತದೆ. ಇನ್ನೊಂದರಲ್ಲಿ ಗಾಜಿನ ಹಿಂದಿನ ಬೆಳ್ಳಿ ಪದರವನ್ನು ಪಟ್ಟಿಯಾಕಾರದಲ್ಲಿ ತೆಗೆದು ಆ ಜಾಗವನ್ನು ಮಸುಕು ಮಾಡಿರುತ್ತಾರೆ, ಬೆಳಕು ಆ ಪಟ್ಟಿಯ ಮೂಲಕ ಮುಂದಕ್ಕೆ ಬರುತ್ತದೆ. ಗಡ್ಡ ಹೆರೆಯುವುದಕ್ಕೂ ಕುಂಕುಮ ಇಟ್ಟುಕೊಳ್ಳುವುದಕ್ಕೂ ಬೆಳಕು ಬೀಳಬೇಕಾದ್ದು ಮುಖದ ಮೇಲೆ. ಪ್ರಭಾವಳಿಯ ಬೆಳಕು ಗೋಡೆಯನ್ನು ಬೆಳಗಿಸುತ್ತದೆಯೇ ಹೊರತು ಮುಖವನ್ನಲ್ಲ. ಗೋಡೆಯ ಟೈಲ್ಸ್ ಕಡು ಬಣ್ಣದ್ದಾದರೆ ಆ ಬೆಳಕನ್ನು ನುಂಗಿಬಿಡುತ್ತದೆ, ಬಹಳ ಹೊಳಪಿನದಾದರೆ ಎಲ್‌ಇಡಿಯ ಒಂದೊಂದು ಚುಕ್ಕೆಯೂ ಅದರಲ್ಲಿ ಪ್ರತಿಬಿಂಬಿಸುತ್ತದೆ. ಅಂಗಡಿಯ ಬಿಳಿ ಹಲಗೆಯ ಮೇಲೆ ಚೆಂದ ಕಂಡದ್ದು ಮನೆಯಲ್ಲಿ ಹಾಗೆ ಕಾಣದಿರುವುದು ಇದರಿಂದ. ಮುಖ ನೋಡಿಕೊಳ್ಳುವ ಕನ್ನಡಿಗೆ ಮುಂದಕ್ಕೆ ಬೆಳಕು ಬಿಡುವ ಬಗೆಯೇ ಉಪಯುಕ್ತ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 3000 ಎಂದರೆ ಹಳೆಯ ಬಲ್ಬಿನ ಹಳದಿ, 6500 ಎಂದರೆ ನೀಲಿ ಛಾಯೆಯ ಬಿಳಿ, 4000 ಆಸುಪಾಸಿನದರಲ್ಲಿ ಚರ್ಮದ ಬಣ್ಣ ಹೆಚ್ಚು ಸಹಜವಾಗಿ ಕಾಣುತ್ತದೆ.

ಈ ಬಗೆಯ ಕನ್ನಡಿಗೆ ವೈರು ಟೈಲ್ಸ್ ಹಾಕುವ ಮೊದಲೇ ಗೋಡೆಯೊಳಗೆ ಬಂದಿರಬೇಕು, ಅದರ ಬಾಯಿ ಕನ್ನಡಿಯ ಹಿಂದೆ ಮುಚ್ಚಿಹೋಗುವ ಜಾಗದಲ್ಲಿರಬೇಕು. ಕನ್ನಡಿಯ ಮೇಲೆ ಐಪಿ 44 ಅಥವಾ ಅದಕ್ಕಿಂತ ಹೆಚ್ಚಿನ ಗುರುತಿರಬೇಕು. ಇದರಲ್ಲಿ ಎರಡನೆಯ 4 ಎಂಬುದು ಯಾವ ಕಡೆಯಿಂದ ನೀರು ಸಿಡಿದರೂ ತೊಂದರೆಯಾಗದು ಎಂಬುದರ ಸೂಚನೆ. ಈ ಲೈನಿಗೆ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಬೇಕು, ಏಕೆಂದರೆ ಒದ್ದೆ ಕೈಯಿಂದ ಮುಟ್ಟುವ ವಸ್ತುವಿನಲ್ಲಿ ವಿದ್ಯುತ್ ಸೋರಿದರೆ ಕ್ಷಣಾರ್ಧದಲ್ಲಿ ಲೈನ್ ಕಡಿಯುವುದು ಅದೇ. ಈ ಜೋಡಣೆ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ಎಲ್‌ಇಡಿ ಪಟ್ಟಿಗಿಂತ ಮೊದಲು ಕೆಡುವುದು ಸಾಮಾನ್ಯವಾಗಿ ಅದಕ್ಕೆ ವಿದ್ಯುತ್ ಕೊಡುವ ಡ್ರೈವರ್ ಎಂಬ ಚಿಕ್ಕ ಪೆಟ್ಟಿಗೆ. ಅದನ್ನು ಬಿಚ್ಚಿ ಬದಲಿಸಬಹುದಾದ ಕನ್ನಡಿಯಾದರೆ ಮುಂದೆ ಇಡೀ ಕನ್ನಡಿಯನ್ನು ಎಸೆಯುವ ಪ್ರಸಂಗ ಬರುವುದಿಲ್ಲ.

ಬ್ಯಾಕ್‌ಲಿಟ್ ಕನ್ನಡಿಯನ್ನು ಅಂಚಿನ ಕ್ಲಿಪ್ಪುಗಳಿಂದ ನಿಲ್ಲಿಸುವುದಿಲ್ಲ. ಅದರ ಬೆನ್ನಿಗೆ ತನ್ನದೇ ಚೌಕಟ್ಟಿದ್ದು ಗೋಡೆಯ ಕೊಕ್ಕೆಗಳಿಗೆ ಅದು ನೇತಾಡುತ್ತದೆ. ಕ್ಲಿಪ್ಪಿನ ಕೆಲಸ ಬರುವುದು ಫ್ರೇಮ್‌ಲೆಸ್ ಎನ್ನುವ, ಅಂಚು ಉಜ್ಜಿ ನುಣುಪು ಮಾಡಿದ ಬರಿಯ ಗಾಜಿನ ಕನ್ನಡಿಗೆ. ಚಿಕ್ಕಪ್ಪನವರ ಬಚ್ಚಲುಮನೆಯಲ್ಲಿ ಟೈಲ್ಸ್ ಕೆಲಸ ಮುಗಿದಿತ್ತು, ಕನ್ನಡಿಯ ಜಾಗಕ್ಕೆ ವೈರು ಎಳೆದಿರಲಿಲ್ಲ, ಎದುರಿಗೆ ದೊಡ್ಡ ಕಿಟಕಿಯಿತ್ತು. ಹಾಗಾಗಿ 2 ಅಡಿ ಅಗಲ, 3 ಅಡಿ ಎತ್ತರದ, 5 ಮಿಲಿಮೀಟರ್ ದಪ್ಪದ ಫ್ರೇಮ್‌ಲೆಸ್ ಕನ್ನಡಿಯೇ ಸಾಕೆಂದು ತೀರ್ಮಾನವಾಯಿತು.

ಭಾರವನ್ನು ಹೊರುವವರು ಯಾರು

ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ಈ ಲೆಕ್ಕದಲ್ಲಿ ಮೇಲೆ ಹೇಳಿದ ಕನ್ನಡಿಯ ತೂಕ ಸುಮಾರು 7 ಕಿಲೋ. ಈ 7 ಕಿಲೋವನ್ನು ಹೊರುವುದು ಕೆಳಗಿನ ಎರಡು ಕ್ಲಿಪ್ಪುಗಳು ಮಾತ್ರ, ತಲಾ ಮೂರೂವರೆ ಕಿಲೋ. ಮೇಲಿನ ಎರಡು ಕ್ಲಿಪ್ಪುಗಳ ಕೆಲಸ ಕನ್ನಡಿ ಮುಂದಕ್ಕೆ ವಾಲದಂತೆ ತಡೆಯುವುದಷ್ಟೇ. ಹೆಗಲ ಮೇಲೆ ಕೂತ ಮಗುವಿನ ಭಾರವೆಲ್ಲ ಹೆಗಲಿನ ಮೇಲಿದ್ದು, ಬೆನ್ನಿಗೆ ಕೊಟ್ಟ ಕೈ ಬೀಳದಂತೆ ಆತಿರುವ ಹಾಗೆ.

ಈ ವ್ಯತ್ಯಾಸ ತಿಳಿಯದವರು ನಾಲ್ಕೂ ಕ್ಲಿಪ್ಪುಗಳನ್ನು ಒಂದೇ ಸಮನೆ ಬಿಗಿಯುತ್ತಾರೆ, ಕ್ಲಿಪ್ ಗಾಜನ್ನು ಹಿಸುಕಿ ಹಿಡಿಯಬೇಕೆಂದು ಭಾವಿಸುತ್ತಾರೆ. ಗಾಜು ಒತ್ತಡವನ್ನು ತಡೆದುಕೊಳ್ಳುತ್ತದೆ, ಆದರೆ ಬಾಗುವುದನ್ನೂ ತಿರುಚುವುದನ್ನೂ ಸಹಿಸುವುದಿಲ್ಲ. ಗೋಡೆ ಒಂದಿಷ್ಟು ಉಬ್ಬು ತಗ್ಗಾಗಿದ್ದರೆ, ನಾಲ್ಕು ಮೂಲೆಗಳನ್ನೂ ಗೋಡೆಗೆ ಎಳೆದು ಬಿಗಿದಾಗ ಗಾಜು ತಿರುಚಿಕೊಳ್ಳುತ್ತದೆ. ಆ ಹೊತ್ತಿಗೆ ಒಡೆಯದಿದ್ದರೂ ಒಂದು ರಾತ್ರಿ ತಾನಾಗಿಯೇ ಮೂಲೆಯಿಂದ ಬಿರುಕು ಓಡಬಹುದು. ಕ್ಲಿಪ್ಪಿನ ಬುಡದಿಂದಲೇ ಬಿರುಕು ಹೊರಟಿದ್ದರೆ ಅತಿಯಾಗಿ ಬಿಗಿದದ್ದು ಅಥವಾ ಲೋಹ ಗಾಜಿಗೆ ನೇರವಾಗಿ ತಾಗಿದ್ದು ಕಾರಣವೆಂದು ತಿಳಿಯಬಹುದು.

ಕ್ಲಿಪ್ಪುಗಳ ಜೋಡಿಯಲ್ಲಿ ಕೆಳಗಿನವು ಅಲುಗದಂತೆ ಸ್ಕ್ರೂ ಹಾಕುವಂಥವು. ಮೇಲಿನವುಗಳ ತೂತು ಉದ್ದವಾಗಿದ್ದು, ಸ್ಕ್ರೂ ಸಡಿಲವಿದ್ದಾಗ ಕ್ಲಿಪ್ ಮೇಲೆ ಕೆಳಗೆ ಜಾರುತ್ತದೆ. ಕೆಲವದರಲ್ಲಿ ಸ್ಪ್ರಿಂಗ್ ಇದ್ದು ಮೇಲಕ್ಕೆ ಎಳೆದು ಬಿಟ್ಟರೆ ತಾನೇ ಕೆಳಗಿಳಿದು ಅಂಚನ್ನು ಹಿಡಿಯುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಮೂರು: ಕ್ಲಿಪ್ಪಿನ ಬಾಯಿ 5 ಮಿಲಿಮೀಟರ್ ಗಾಜಿಗೆ ಹೊಂದಬೇಕು, ಗಾಜು ತಾಗುವ ಕಡೆಯೆಲ್ಲ ರಬ್ಬರ್ ಅಥವಾ ಪ್ಲಾಸ್ಟಿಕ್ ಪದರ ಇರಬೇಕು, ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು. ಸಾಮಾನ್ಯ ಕಬ್ಬಿಣದ ಸ್ಕ್ರೂ ಬಚ್ಚಲುಮನೆಯ ತೇವಕ್ಕೆ ತುಕ್ಕು ಹಿಡಿದು ಟೈಲ್ಸ್ ಮೇಲೆ ಕಂದು ಗೆರೆ ಇಳಿಸುತ್ತದೆ.

ಗೋಡೆಯನ್ನು ಓದುವುದು

ತೂತು ಕೊರೆಯುವ ಮೊದಲು ಗೋಡೆಯಲ್ಲಿ ಎರಡು ಸಂಗತಿ ನೋಡಬೇಕು. ಮೊದಲನೆಯದು ಸಮತಟ್ಟು. ಮೂರಡಿಯ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಟೈಲ್ಸ್ ಮೇಲೆ ಅಡ್ಡಕ್ಕೂ ಉದ್ದಕ್ಕೂ ಓರೆಯಾಗಿಯೂ ಇಟ್ಟು ಹಿಂದೆ ಎಲ್ಲಿ ಸಂದಿ ಬಿಡುತ್ತದೆ ನೋಡಬೇಕು. ನಮ್ಮ ಕಡೆಯ ಮನೆಗಳಲ್ಲಿ ಎದೆಯೆತ್ತರಕ್ಕೆ ಹೂವಿನ ಚಿತ್ತಾರ ಉಬ್ಬಿದ ಹೈಲೈಟರ್ ಟೈಲ್ಸಿನ ಒಂದು ಸಾಲು ಹಾಕುವ ರೂಢಿಯಿದೆ. ಕನ್ನಡಿ ಸರಿಯಾಗಿ ಅದರ ಮೇಲೆಯೇ ಬಂದರೆ ಗಾಜು ತಕ್ಕಡಿಯ ಹಾಗೆ ಆ ಉಬ್ಬಿನ ಮೇಲೆ ಅತ್ತಿತ್ತ ಆಡುತ್ತದೆ. ಚಿಕ್ಕಪ್ಪನವರ ಗೋಡೆಯಲ್ಲಿಯೂ ಹಾಗೆಯೇ ಇತ್ತು. ಉಬ್ಬು 3 ಮಿಲಿಮೀಟರ್ ಇದ್ದುದರಿಂದ ನಾಲ್ಕೂ ಕ್ಲಿಪ್ಪುಗಳ ಹಿಂದೆ ಅಷ್ಟೇ ದಪ್ಪದ ಪ್ಲಾಸ್ಟಿಕ್ ವಾಷರ್ ಇಟ್ಟು ಕನ್ನಡಿಯನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ತರಬೇಕಾಯಿತು. ಹಿಂದೆ ಗಾಳಿಯಾಡುವ ಈ ತೆಳು ಸಂದಿ ಹೇಗಿದ್ದರೂ ಒಳ್ಳೆಯದೇ, ಬೆನ್ನಿನ ಕಡೆ ಸೇರಿದ ತೇವ ಒಣಗಲು ಅದು ಅವಕಾಶ ಕೊಡುತ್ತದೆ.

ಎರಡನೆಯದು ಗೋಡೆಯ ಒಳಗಿರುವುದು. ವಾಷ್ ಬೇಸಿನ್ನಿನ ನಲ್ಲಿಗೆ ನೀರು ತರುವ ಪೈಪು ಗೋಡೆಯೊಳಗೆ ಮೇಲಿನಿಂದ ನೇರ ಕೆಳಗಿಳಿದಿರಬಹುದು, ಗೀಸರಿನಿಂದ ಬಿಸಿ ನೀರಿನ ಪೈಪು ಅಡ್ಡ ಹಾದುಹೋಗಿರಬಹುದು, ಕನ್ನಡಿಯ ಮೇಲಿನ ದೀಪದ ವೈರು ಸ್ವಿಚ್ಚಿನ ಕಡೆಗೆ ಹೋಗಿರಬಹುದು. ಗೋಡೆ ಕೊರೆದು ಪೈಪು ಹಾಕಿದ ದಿನ, ಗಾರೆ ಮೆತ್ತುವ ಮೊದಲು, ಟೇಪು ಹಿಡಿದು ಒಂದು ಫೋಟೋ ತೆಗೆದಿಟ್ಟುಕೊಂಡಿದ್ದರೆ ಇಂದು ಯಾವ ಊಹೆಯೂ ಬೇಕಿಲ್ಲ. ಫೋಟೋ ಇಲ್ಲದಿದ್ದರೆ ಪ್ಲಂಬರ್ ಮೇಸ್ತ್ರಿಯನ್ನು ಕೇಳಬೇಕು. ಅವರೂ ಸಿಗದಿದ್ದರೆ ನಲ್ಲಿಯ ಆಂಗಲ್ ಕಾಕ್‌ಗೆ ನೇರ ಮೇಲಿನ ಪಟ್ಟಿಯನ್ನೂ ಸ್ವಿಚ್ ಬೋರ್ಡಿನ ನೇರ ಮೇಲಿನ ಪಟ್ಟಿಯನ್ನೂ ಬಿಟ್ಟು ಕೊರೆಯುವುದು ಲೇಸು.

ಗುರುತು ಹಾಕುವಾಗ ಆಗುವ ಒಂದು ತಪ್ಪು

ಕನ್ನಡಿಯ ನಡುಗೆರೆ ಗೋಡೆಯ ನಡುವಿಗಲ್ಲ, ಬೇಸಿನ್ನಿನ ನಲ್ಲಿಯ ನಡುವಿಗೆ ಹೊಂದಬೇಕು. ಕೆಳ ಅಂಚು ನೆಲದಿಂದ 105 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೇಸಿನ್ನಿನ ಅಂಚಿಗಿಂತ ಸುಮಾರು ಎಂಟು ಅಂಗುಲ ಮೇಲೆ ಬರುತ್ತದೆ, 3 ಅಡಿ ಎತ್ತರದ ಕನ್ನಡಿಯ ನಡುಭಾಗ ನೆಲದಿಂದ ಐದಡಿಯ ಆಸುಪಾಸಿಗೆ, ಅಂದರೆ ಹೆಚ್ಚಿನವರ ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಇಲ್ಲಿ ಬಹಳ ಮಂದಿ ಎಡಗಡೆ ನೆಲದಿಂದ 105, ಬಲಗಡೆ ನೆಲದಿಂದ 105 ಎಂದು ಎರಡು ಸಲ ಅಳೆದು ಗೆರೆ ಎಳೆಯುತ್ತಾರೆ. ಬಚ್ಚಲುಮನೆಯ ನೆಲ ನೀರು ಹರಿಯಲೆಂದು ಒಂದು ಕಡೆಗೆ ಇಳಿಜಾರಾಗಿರುತ್ತದೆ. ಹಾಗೆ ಅಳೆದರೆ ಕನ್ನಡಿಯೂ ನೆಲದಷ್ಟೇ ಓರೆಯಾಗುತ್ತದೆ. ಒಂದೇ ಕಡೆ ಅಳೆದು ಗುರುತು ಹಾಕಿ, ಅಲ್ಲಿಂದ ರಸಮಟ್ಟ ಇಟ್ಟು ಅಡ್ಡಗೆರೆ ಎಳೆಯಬೇಕು. ರಸಮಟ್ಟ ಇಲ್ಲದಿದ್ದರೆ ಮೇಸ್ತ್ರಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಟ್ಯೂಬು ಅಷ್ಟೇ ನಿಖರವಾಗಿ ಮಟ್ಟ ತೋರಿಸುತ್ತದೆ. ಟೈಲ್ಸಿನ ಗೆರೆಯನ್ನೇ ನಂಬಬಹುದಲ್ಲ ಎಂದರೆ, ಟೈಲ್ಸಿನವರು ಮಟ್ಟ ನೋಡಿ ಹಾಕಿದ್ದರೆ ನಂಬಬಹುದು. ಗೆರೆಗೂ ರಸಮಟ್ಟಕ್ಕೂ ತುಸು ವ್ಯತ್ಯಾಸ ಕಂಡರೆ ಮಾತ್ರ ಟೈಲ್ಸಿನ ಗೆರೆಯನ್ನು ಅನುಸರಿಸುವುದು ವಾಸಿ, ಏಕೆಂದರೆ ಕಣ್ಣು ಕನ್ನಡಿಯ ಅಂಚನ್ನು ಹೋಲಿಸುವುದು ಅದರ ಜೊತೆಗೇ.

ಕೆಳಗಿನ ಎರಡು ಕ್ಲಿಪ್ಪುಗಳು ಕನ್ನಡಿಯ ಅಗಲದ ಕಾಲು ಭಾಗದಷ್ಟು ಎರಡೂ ಬದಿಯಿಂದ ಒಳಗೆ, ಅಂದರೆ ಇಲ್ಲಿ ಅರ್ಧ ಅಡಿ ಒಳಗೆ ಇರಬೇಕು. ಮೂರಡಿಗಿಂತ ಅಗಲವಾದ ಕನ್ನಡಿಗೆ ಮೂರನೆಯ ಕ್ಲಿಪ್ ಹಾಕೋಣವೆಂದು ಅನಿಸುವುದು ಸಹಜ. ಆದರೆ ಮೂರರಲ್ಲಿ ನಡುವಿನದು ಕೂದಲೆಳೆಯಷ್ಟು ಎತ್ತರವಾದರೂ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಅಂಥ ಕನ್ನಡಿಗೆ ಕೆಳ ಅಂಚಿನ ಉದ್ದಕ್ಕೂ ಅಲ್ಯೂಮಿನಿಯಂ ಚಾನೆಲ್ ಕೊಟ್ಟು, ಅದರಲ್ಲಿ ನೀರು ನಿಲ್ಲದಂತೆ ಸಣ್ಣ ತೂತುಗಳನ್ನು ಬಿಡುವುದು ಸರಿಯಾದ ಕ್ರಮ.

ಮೇಲಿನ ಕ್ಲಿಪ್ಪಿನ ಜಾಗವನ್ನು ಗುರುತಿಸುವಾಗ ಬಿಲ್ಲಿನಲ್ಲಿ ಬರೆದ ಅಳತೆಯನ್ನು ನಂಬದೆ ಗಾಜನ್ನೇ ಅಳೆಯಬೇಕು. ಕತ್ತರಿಸಿ ಉಜ್ಜುವಾಗ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಆಗಿರುತ್ತದೆ. ಕ್ಲಿಪ್ ಪೂರ್ತಿ ಮೇಲಕ್ಕೆ ಜಾರಿದಾಗ ಗಾಜು ಒಳಗೆ ಸೇರುವಷ್ಟು ಜಾಗ ಬಿಡಬೇಕು, ಕೆಳಕ್ಕೆ ಜಾರಿದಾಗ ಅಂಚನ್ನು ಭದ್ರವಾಗಿ ಮುಚ್ಚಬೇಕು. ಕ್ಲಿಪ್ಪನ್ನೇ ಗೋಡೆಗೆ ಹಿಡಿದು ಉದ್ದ ತೂತಿನ ನಡುವೆ ಪೆನ್ಸಿಲ್ ಗುರುತು ಹಾಕಿದರೆ ಲೆಕ್ಕ ತಪ್ಪುವುದಿಲ್ಲ.

ಟೈಲ್ಸ್ ಒಡೆಯದಂತೆ ಕೊರೆಯುವುದು

ಗುರುತಿನ ಮೇಲೆ ಕಾಗದದ ಮಾಸ್ಕಿಂಗ್ ಟೇಪು ಅಂಟಿಸಿದರೆ ಡ್ರಿಲ್ಲಿನ ತುದಿ ಜಾರುವುದಿಲ್ಲ. ಸಾಮಾನ್ಯ ಗೋಡೆ ಟೈಲ್ಸಿಗೆ ಈಟಿಯ ಮೊನೆಯಂಥ ತುದಿಯ ಟೈಲ್ಸ್ ಬಿಟ್ ಸಾಕು, ವಿಟ್ರಿಫೈಡ್ ಟೈಲ್ಸ್ ಆಗಿದ್ದರೆ ಡೈಮಂಡ್ ಬಿಟ್ ಬೇಕು. ಡ್ರಿಲ್ಲಿನ ಹ್ಯಾಮರ್ ಗುಂಡಿ ಈ ಹಂತದಲ್ಲಿ ಆರಿರಬೇಕು. ನಿಧಾನ ವೇಗದಲ್ಲಿ, ನಡುನಡುವೆ ನೀರು ಚಿಮುಕಿಸುತ್ತಾ, ಟೈಲ್ಸಿನ ದಪ್ಪ ದಾಟುವವರೆಗೆ ತಾಳ್ಮೆಯಿಂದ ಕೊರೆಯಬೇಕು. ಉದುರುವ ಪುಡಿಯ ಬಣ್ಣ ಬದಲಾಗಿ ಸಿಮೆಂಟಿನ ಬೂದು ಬಣ್ಣಕ್ಕೆ ಬಂದಾಗ ಟೈಲ್ಸ್ ದಾಟಿತೆಂದು ಗೊತ್ತಾಗುತ್ತದೆ. ಆಮೇಲೆ 6 ಮಿಲಿಮೀಟರ್‌ನ ಗೋಡೆ ಬಿಟ್ ಹಾಕಿ, ಹ್ಯಾಮರ್ ಒತ್ತಿ, ಒಟ್ಟು 4 ಸೆಂಟಿಮೀಟರ್ ಆಳ ಹೋಗಬಹುದು. ಟೈಲ್ಸಿನ ಮೂಲೆಗೂ ಅಂಚಿಗೂ ಒಂದು ಅಂಗುಲದೊಳಗೆ ತೂತು ಬರದಂತೆ ನೋಡಿಕೊಳ್ಳಬೇಕು, ಅಲ್ಲಿ ಚೂರು ಹಾರುವ ಸಾಧ್ಯತೆ ಹೆಚ್ಚು.

ಪ್ಲಾಸ್ಟಿಕ್ ಪ್ಲಗ್ಗನ್ನು ಟೈಲ್ಸಿನ ಮಟ್ಟಕ್ಕೆ ನಿಲ್ಲಿಸದೆ ಅದರ ಹಿಂದಕ್ಕೆ, ಗಾರೆ ಮತ್ತು ಇಟ್ಟಿಗೆಯೊಳಗೆ ಸೇರುವವರೆಗೆ ತಳ್ಳಬೇಕು ಎಂಬುದನ್ನು ಅನುಭವಿಗಳೂ ಕೆಲವೊಮ್ಮೆ ಮರೆಯುತ್ತಾರೆ. ಸ್ಕ್ರೂ ಒಳಹೋದಂತೆ ಪ್ಲಗ್ ಹಿಗ್ಗುತ್ತದೆ. ಅದು ಟೈಲ್ಸಿನೊಳಗೇ ಹಿಗ್ಗಿದರೆ ಟೈಲ್ಸ್ ಸೀಳುತ್ತದೆ. ಎಷ್ಟೋ ಮನೆಗಳಲ್ಲಿ ಕೊರೆಯುವಾಗ ಒಡೆಯದ ಟೈಲ್ಸ್ ಸ್ಕ್ರೂ ತಿರುಗಿಸುವಾಗ ಒಡೆದಿರುವುದು ಇದರಿಂದಲೇ. ಗೋಡೆ ಹಾಲೋ ಬ್ಲಾಕಿನದಾಗಿದ್ದು ಬಿಟ್ ಒಮ್ಮೆಲೇ ಪೊಳ್ಳಿನೊಳಗೆ ನುಗ್ಗಿದರೆ ಸಾಮಾನ್ಯ ಪ್ಲಗ್ ಹಿಡಿತ ಕೊಡುವುದಿಲ್ಲ, ಪೊಳ್ಳಿನೊಳಗೆ ಗಂಟು ಕಟ್ಟಿಕೊಳ್ಳುವ ಬಗೆಯ ಪ್ಲಗ್ ಕೇಳಿ ತರಬೇಕು.

ಕನ್ನಡಿಯನ್ನು ಕೂರಿಸುವುದು ಮತ್ತು ಪರೀಕ್ಷಿಸುವುದು

ಈ ಹಂತಕ್ಕೆ ಇಬ್ಬರು ಬೇಕು. ಕೆಳಗಿನ ಕ್ಲಿಪ್ಪುಗಳ ಸ್ಕ್ರೂ ಪೂರ್ತಿ ಬಿಗಿಯಾಗಿರಲಿ. ಮೇಲಿನವುಗಳ ಸ್ಕ್ರೂ ಕ್ಲಿಪ್ ಜಾರುವಷ್ಟು ಸಡಿಲವಿರಲಿ, ಕ್ಲಿಪ್ ಮೇಲಕ್ಕೆ ಸರಿದಿರಲಿ. ಒಬ್ಬರು ಕನ್ನಡಿಯ ಕೆಳ ಅಂಚನ್ನು ಕ್ಲಿಪ್ಪಿನ ರಬ್ಬರಿನ ಮೇಲೆ ಮೆಲ್ಲಗೆ ಇಳಿಸಿ ಮೇಲ್ಭಾಗವನ್ನು ಗೋಡೆಗೆ ಆನಿಸಿ ಹಿಡಿಯಬೇಕು, ಇನ್ನೊಬ್ಬರು ಮೇಲಿನ ಕ್ಲಿಪ್ಪುಗಳನ್ನು ಕೆಳಕ್ಕೆ ಜಾರಿಸಿ ಸ್ಕ್ರೂ ತಿರುಗಿಸಬೇಕು. ಇಲ್ಲಿ ಡ್ರಿಲ್ ಬಳಸದೆ ಕೈಯ ಸ್ಕ್ರೂ ಡ್ರೈವರನ್ನೇ ಬಳಸಬೇಕು, ಬಿಗಿ ಎಷ್ಟಾಯಿತೆಂಬುದು ಬೆರಳಿಗೆ ತಿಳಿಯುವುದು ಅದರಲ್ಲಿ ಮಾತ್ರ. ಕ್ಲಿಪ್ ಬೆರಳಿನಿಂದ ತಳ್ಳಿದಾಗ ಜಾರದಿದ್ದರೆ ಸಾಕು. ಕ್ಲಿಪ್ಪಿಗೂ ಗಾಜಿನ ಮುಖಕ್ಕೂ ನಡುವೆ ತೂರಿಸಿದ ಕಾಗದದ ಚೂರು ತುಸು ತಡೆಯೊಂದಿಗೆ ಹೊರಬಂದರೆ ಬಿಗಿ ಸರಿಯಾಗಿದೆ ಎಂದರ್ಥ. ಕಾಗದ ಹರಿದರೆ ಬಿಗಿ ಹೆಚ್ಚಾಗಿದೆ, ತಾನಾಗಿ ಜಾರಿದರೆ ಕಡಿಮೆಯಾಗಿದೆ.

ಕೂರಿಸಿದ ಮೇಲೆ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಅಂಗೈಯಿಂದ ಮೃದುವಾಗಿ ಒತ್ತಿ ನೋಡಬೇಕು. ಯಾವುದಾದರೂ ಮೂಲೆ ಟಕ್ಕೆಂದು ಗೋಡೆಗೆ ಬಡಿದರೆ ಗಾಜು ಆಡುತ್ತಿದೆ, ಆ ಕಡೆಯ ಕ್ಲಿಪ್ಪಿನ ಹಿಂದೆ ಇನ್ನೊಂದು ವಾಷರ್ ಬೇಕು. ಆಮೇಲೆ ಎರಡು ಹೆಜ್ಜೆ ಹಿಂದೆ ನಿಂತು, ಎದುರು ಗೋಡೆಯ ಬಾಗಿಲಿನ ಚೌಕಟ್ಟು ಕನ್ನಡಿಯಲ್ಲಿ ಹೇಗೆ ಕಾಣುತ್ತದೆ ನೋಡಬೇಕು. ಅದು ನೇರವಾಗಿದ್ದರೆ ಗಾಜೂ ನೇರವಿದೆ. ಎಲ್ಲಿಯಾದರೂ ಬಿಲ್ಲಿನಂತೆ ಬಾಗಿ ಕಂಡರೆ ಗಾಜು ತಿರುಚಿಕೊಂಡಿದೆ. ಚಿಕ್ಕಪ್ಪನವರ ಮನೆಯಲ್ಲಿ ಮೊದಲ ಸಲ ಮೇಲಿನ ಬಲ ಮೂಲೆಯಲ್ಲಿ ಬಾಗಿಲು ಸೊಟ್ಟಗೆ ಕಂಡಿತು. ಅಲ್ಲಿನ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ ಒಂದು ವಾಷರ್ ಸೇರಿಸಿದ ಮೇಲೆ ಸರಿಹೋಯಿತು.

ಭದ್ರತೆಗೆಂದು ಹಿಂದೆ ಸಿಲಿಕೋನ್ ಹಚ್ಚುವ ಆಸೆ ಕೆಲವರಿಗಿರುತ್ತದೆ. ಕ್ಲಿಪ್ ಸರಿಯಾಗಿ ಕೂತಿದ್ದರೆ ಅದು ಬೇಕಿಲ್ಲ. ಹಚ್ಚಲೇಬೇಕೆಂದಾದರೆ ವಿನಿಗರ್ ವಾಸನೆ ಬರುವ ಸಿಲಿಕೋನ್ ಬೇಡ. ಆ ವಾಸನೆ ಅಸಿಟಿಕ್ ಆಮ್ಲದ್ದು, ಅದು ಕನ್ನಡಿಯ ಬೆನ್ನಿನ ಪದರವನ್ನು ತಿನ್ನುತ್ತದೆ. ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಿ ತರಬೇಕು.

ಅಂಚು ಕಪ್ಪಾಗುವುದು

"ಕನ್ನಡಿಯ ಪಾದರಸ ಹೋಗಿದೆ" ಎಂದು ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಹಳೆಯ ಕಾಲದ ಕನ್ನಡಿಗಳಲ್ಲಿ ತವರ ಮತ್ತು ಪಾದರಸದ ಲೇಪವಿದ್ದುದರಿಂದ ಆ ಮಾತು ಉಳಿದಿದೆ. ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ 1835ರಲ್ಲಿ ಗಾಜಿಗೆ ಬೆಳ್ಳಿ ಲೇಪಿಸುವ ವಿಧಾನ ತೋರಿಸಿದ ಮೇಲೆ ಕ್ರಮೇಣ ಪಾದರಸದ ಜಾಗಕ್ಕೆ ಬೆಳ್ಳಿ ಬಂತು. ಇಂದಿನ ಕನ್ನಡಿಯಲ್ಲಿ ಗಾಜಿನ ಹಿಂದೆ ಬಹಳ ತೆಳುವಾದ ಬೆಳ್ಳಿ ಪದರ, ಅದನ್ನು ಕಾಯುವ ಇನ್ನೊಂದು ಪದರ, ಅದರ ಮೇಲೆ ಬಣ್ಣ ಇರುತ್ತದೆ. ಬೆನ್ನಿಗೆ ಬಣ್ಣದ ರಕ್ಷಣೆ ಇದೆ, ಆದರೆ ಕತ್ತರಿಸಿದ ಅಂಚಿನಲ್ಲಿ ಬೆಳ್ಳಿ ತೆರೆದುಕೊಂಡಿರುತ್ತದೆ. ನೀರು ಮತ್ತು ಆಮ್ಲ ಅಲ್ಲಿಂದ ಒಳಗೆ ನುಸುಳಿ ಬೆಳ್ಳಿಯನ್ನು ಕಪ್ಪಾಗಿಸುತ್ತವೆ. ಫ್ರೇಮ್‌ಲೆಸ್ ಕನ್ನಡಿಯಲ್ಲಿ ಕಲೆ ಮೊದಲು ಕಾಣಿಸುವುದು ಕೆಳ ಅಂಚಿನಲ್ಲಿ, ಅದೂ ನೀರು ನಿಲ್ಲುವ ಕ್ಲಿಪ್ಪಿನ ಜಾಗದಲ್ಲಿ.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಹೆದರಿ ಟೈಲ್ಸ್ ತೊಳೆಯುವ ಆಸಿಡ್ಡನ್ನೇ ಕನ್ನಡಿಗೂ ಎರಚುವುದು ಈ ಕಪ್ಪನ್ನು ಬೇಗ ತರುವ ದಾರಿ. ಹತ್ತಿರದ ಟೈಲ್ಸಿಗೆ ಆಸಿಡ್ ಹಾಕಿ ಬಾಗಿಲು ಮುಚ್ಚಿದಾಗ ಏಳುವ ಆವಿಯೂ ಕಾಲಕ್ರಮದಲ್ಲಿ ಅದೇ ಕೆಲಸ ಮಾಡುತ್ತದೆ. ಬಳಸಿದ ತಕ್ಷಣ ಸಿಡಿದ ಹನಿಗಳನ್ನು ಒಣ ಬಟ್ಟೆಯಿಂದ ಒರೆಸಿದರೆ ಕಲೆ ಕೂರುವುದೇ ಇಲ್ಲ. ಕೂತ ಕಲೆಗೆ ನೀರು ಬೆರೆಸಿದ ವಿನಿಗರನ್ನು ಬಟ್ಟೆಗೆ ಹಾಕಿಕೊಂಡು, ಅಂಚಿಗೆ ತಾಗದಂತೆ ಗಾಜಿನ ಮುಖವನ್ನು ಮಾತ್ರ ಒರೆಸಿ, ತಕ್ಷಣ ನೀರಿನ ಬಟ್ಟೆಯಿಂದಲೂ ಒಣ ಬಟ್ಟೆಯಿಂದಲೂ ಒರೆಸಬೇಕು. ಕನ್ನಡಿಯ ಮೇಲೆ ನೇರವಾಗಿ ಸ್ಪ್ರೇ ಮಾಡಿದರೆ ದ್ರವ ಕೆಳಗಿಳಿದು ಕ್ಲಿಪ್ಪಿನ ಬಾಯಿಯಲ್ಲಿಯೇ ನಿಲ್ಲುತ್ತದೆ.

ಕೂರಿಸಿ ಒಂದು ತಿಂಗಳಾದ ಮೇಲೆ ಕಾಗದದ ಚೂರಿನ ಪರೀಕ್ಷೆಯನ್ನು ಮೇಲಿನ ಎರಡು ಕ್ಲಿಪ್ಪುಗಳಿಗೆ ಮತ್ತೊಮ್ಮೆ ಮಾಡಬೇಕು. ಹೊಸ ರಬ್ಬರ್ ಅಷ್ಟರಲ್ಲಿ ಸ್ವಲ್ಪ ಅಮುಕಿಕೊಂಡಿರುತ್ತದೆ, ಕಾಗದ ತಾನಾಗಿ ಜಾರುವಂತಾಗಿದ್ದರೆ ಸ್ಕ್ರೂವನ್ನು ಕಾಲು ಸುತ್ತಿನಷ್ಟು ತಿರುಗಿಸಿದರೆ ಸಾಕು.